ಲೋವರ್ ಬರ್ತ್ ಸಿಕ್ಕರೆ ಅರ್ಧ ಪ್ರವಾಸ ಗೆದ್ದಂತೆ

ಅಪ್ಪನಿಗೆ 72, ಅಮ್ಮನಿಗೆ 66. ಮಗನ ಜೊತೆ ಬೆಂಗಳೂರಿನಿಂದ ಹಂಪಿಗೆ ಹೊರಟಿದ್ದಾರೆ ಎಂದುಕೊಳ್ಳೋಣ. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಟಿಕೆಟ್ ಮಾಡಿಸಲು ಕೂತಾಗ ಮೊದಲು ಬರುವ ಪ್ರಶ್ನೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಎಷ್ಟು?

ರೈಲಿನ ಟಿಕೆಟ್ ದರದಲ್ಲಿ ಈಗ ಏನೂ ಇಲ್ಲ. ಮೊದಲು 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50ರಷ್ಟು ಕಡಿತವಿತ್ತು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಅದನ್ನು ನಿಲ್ಲಿಸಿದರು. ಸಂಸತ್ತಿನ ಸ್ಥಾಯಿ ಸಮಿತಿ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಾದರೂ ಮತ್ತೆ ಕೊಡುವುದನ್ನು ಪರಿಶೀಲಿಸಿ ಎಂದು ಶಿಫಾರಸು ಮಾಡಿತು. ಎಲ್ಲ ಪ್ರಯಾಣಿಕರಿಗೂ ಸರಾಸರಿ ಶೇ 46ರಷ್ಟು ಸಬ್ಸಿಡಿ ಈಗಾಗಲೇ ಇದೆ ಎಂಬುದು ರೈಲ್ವೆಯ ಉತ್ತರ. ಪಿಂಚಣಿಯಲ್ಲಿ ಬದುಕುವವರಿಗೆ ಆ ಉತ್ತರದಿಂದ ಸಮಾಧಾನವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅಂಗವಿಕಲರಿಗೆ ಮತ್ತು ಚಿಕಿತ್ಸೆಗೆ ಹೋಗುವ ಕ್ಯಾನ್ಸರ್, ಡಯಾಲಿಸಿಸ್‌ನಂಥ ಕೆಲವು ರೋಗಿಗಳಿಗೆ ಪ್ರಮಾಣಪತ್ರದ ಮೇಲೆ ಸಿಗುವ ರಿಯಾಯಿತಿ ಮಾತ್ರ ಮುಂದುವರಿದಿದೆ. ಮನೆಯ ಹಿರಿಯರು ಆ ಪಟ್ಟಿಗೆ ಸೇರಿದವರಾದರೆ ಅದನ್ನು ಬಿಡಬೇಡಿ.

ಆದರೆ ಹಿರಿಯರಿಗೆಂದೇ ಉಳಿದಿರುವ ಇನ್ನೊಂದು ಸೌಲಭ್ಯವಿದೆ, ಅದೇ ಲೋವರ್ ಬರ್ತ್ ಕೋಟಾ. ಸ್ಲೀಪರ್ ಬೋಗಿಯಲ್ಲಿ ಆರೇಳು, ಥರ್ಡ್ ಎಸಿಯಲ್ಲಿ ನಾಲ್ಕೈದು, ಸೆಕೆಂಡ್ ಎಸಿಯಲ್ಲಿ ಮೂರ್ನಾಲ್ಕು ಕೆಳಗಿನ ಬರ್ತ್‌ಗಳನ್ನು 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಮತ್ತು ಗರ್ಭಿಣಿಯರಿಗೆ ಮೀಸಲಿಡುತ್ತಾರೆ. ಮಂಡಿ ನೋವಿನವರು ರಾತ್ರಿ ಎರಡು ಸಲ ಬಾತ್‌ರೂಮಿಗೆ ಏಳುತ್ತಾರೆ. ಅವರು ಆ ಕಬ್ಬಿಣದ ಸಣ್ಣ ಮೆಟ್ಟಿಲನ್ನು ಕತ್ತಲಲ್ಲಿ ಕಾಲಿನಿಂದಲೇ ತಡಕುತ್ತಾ ಇಳಿಯುವುದನ್ನು ನೋಡಿದವರಿಗೆ, ಟಿಕೆಟ್ ಕಡಿತಕ್ಕಿಂತ ಈ ಸೌಲಭ್ಯ ದೊಡ್ಡದು ಎಂದು ಹೇಳಬೇಕಾಗಿಲ್ಲ.

ಇದು ಕೈ ತಪ್ಪುವುದು ಬುಕ್ ಮಾಡುವ ರೀತಿಯಿಂದ. ಮಗ ಮೂವರನ್ನೂ ಒಂದೇ ಟಿಕೆಟ್‌ನಲ್ಲಿ ಸೇರಿಸುತ್ತಾನೆ. ಆಗ ಈ ಕೋಟಾ ಅನ್ವಯಿಸುವುದಿಲ್ಲ. ಹಿರಿಯರು ಒಬ್ಬರೇ ಇರಬೇಕು, ಇಲ್ಲವೇ ಇಬ್ಬರಿದ್ದು ಇಬ್ಬರಿಗೂ ಅರ್ಹತೆ ಇರಬೇಕು. ಮೂರನೆಯ ಹೆಸರು ಸೇರಿದರೂ ಹೋಯಿತು, ಇಬ್ಬರಲ್ಲಿ ಒಬ್ಬರು ಕಿರಿಯರಾದರೂ ಹೋಯಿತು. ಆದ್ದರಿಂದ ಅಪ್ಪ ಅಮ್ಮನಿಗೆ ಒಂದು ಟಿಕೆಟ್, ಮಗನಿಗೆ ಬೇರೆ ಟಿಕೆಟ್. ಐಆರ್‌ಸಿಟಿಸಿಯಲ್ಲಿ ಕೋಟಾ ಆರಿಸುವ ಜಾಗದಲ್ಲಿ ಸಾಮಾನ್ಯವಾಗಿ GENERAL ಎಂದೇ ಇರುತ್ತದೆ. ಹಿರಿಯರ ಟಿಕೆಟ್‌ಗೆ ಅದನ್ನು ಬದಲಿಸಿ LOWER BERTH/SR.CITIZEN ಮಾಡಬೇಕು. ವಯಸ್ಸನ್ನು ಗುರುತಿನ ಚೀಟಿಯಲ್ಲಿರುವಂತೆಯೇ ಹಾಕಿ, ಆ ಚೀಟಿಯನ್ನು ಜೊತೆಗೆ ಒಯ್ಯಬೇಕು.

ಕೋಟಾ ಮುಗಿದುಹೋಗಿದ್ದರೆ ಸಾಮಾನ್ಯ ಕೋಟಾದಲ್ಲೇ ಮಾಡಿ. ಅಲ್ಲಿಯೂ ಕಂಪ್ಯೂಟರ್ ಈ ವಯಸ್ಸಿನವರಿಗೆ ಕೆಳಗಿನ ಬರ್ತ್ ಖಾಲಿ ಇದ್ದರೆ ತಾನೇ ಕೊಡುತ್ತದೆ. ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು ಎನ್ನುವ ಆಯ್ಕೆಯೂ ಇದೆ, ಅದನ್ನು ಗುರುತು ಮಾಡಿದರೆ ಹಣ ಕಟ್ಟಿದ ಮೇಲೆ ಅಪ್ಪರ್ ಬಂತು ಎಂಬ ಪೇಚಾಟ ತಪ್ಪುತ್ತದೆ. ಆರ್‌ಎಸಿ ಟಿಕೆಟ್ ಮಾತ್ರ ಹಿರಿಯರಿಗೆ ಬೇಡ. ಸೈಡ್ ಲೋವರ್ ಅನ್ನು ಇಬ್ಬರು ಹಂಚಿಕೊಂಡು ರಾತ್ರಿಯಿಡೀ ಕೂತೇ ಹೋಗಬೇಕಾದೀತು. ಬುಕಿಂಗ್ ಈಗ ಪ್ರಯಾಣದ 60 ದಿನ ಮೊದಲು ತೆರೆಯುತ್ತದೆ. ದಿನಾಂಕ ಗೊತ್ತಿದ್ದರೆ ಆವತ್ತೇ ಮುಗಿಸುವುದು ಒಳ್ಳೆಯದು.

ವಿಮಾನದ ಮಾತು ಬೇಗ ಮುಗಿಯುತ್ತದೆ. ಕೆಲವು ಕಂಪನಿಗಳು 60 ದಾಟಿದವರಿಗೆ ಕಡಿತ ಕೊಡುತ್ತವೆ, ಆದರೆ ಅದು ಮೂಲ ದರದ ಮೇಲೆ ಮಾತ್ರ, ತೆರಿಗೆ ಮತ್ತು ಶುಲ್ಕಗಳ ಮೇಲಲ್ಲ. ಎಷ್ಟೋ ಸಲ ಅದೇ ವಿಮಾನದ ಸಾಮಾನ್ಯ ಟಿಕೆಟ್ಟೇ ಅಗ್ಗವಾಗಿರುತ್ತದೆ. ಎರಡನ್ನೂ ಕೊನೆಯ ಮೊತ್ತದವರೆಗೆ ಒಯ್ದು ಹೋಲಿಸಿ. ದುಡ್ಡಿಗಿಂತ ಬೆಲೆಬಾಳುವುದು ವೀಲ್‌ಚೇರ್. ಅದನ್ನು ಟಿಕೆಟ್ ಮಾಡುವಾಗಲೇ, ತಡವಾದರೆ 48 ಗಂಟೆ ಮೊದಲಾದರೂ ಕೇಳಿಡಬೇಕು. ನಡೆಯಬಲ್ಲೆ ಎನ್ನುವ ಹಿರಿಯರಿಗೂ ದೊಡ್ಡ ವಿಮಾನ ನಿಲ್ದಾಣದ ಗೇಟಿನವರೆಗಿನ ದೂರ ಸಣ್ಣದಲ್ಲ. ಇನ್ನು ನಮ್ಮ ಸಾರಿಗೆ ನಿಗಮದ ಬಸ್ಸುಗಳಲ್ಲಿ 60 ದಾಟಿದ ರಾಜ್ಯದ ನಿವಾಸಿಗಳಿಗೆ ಶೇ 25 ರಿಯಾಯಿತಿ ಇದೆ. ಶಕ್ತಿ ಯೋಜನೆಯಿಂದಾಗಿ ಅಮ್ಮನಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವೇ ಇಲ್ಲ.

ಹೊಸಪೇಟೆಯಲ್ಲಿ ಇಳಿದ ಮೇಲೆ ಮೊದಲ ತೊಡಕು ರೂಮಿನದು. ರೈಲು ಬರುವುದು ಬೆಳಿಗ್ಗೆ, ಹೋಟೆಲಿನವರು ಚೆಕ್-ಇನ್ ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಸಾಮಾನು ಕೌಂಟರಿನಲ್ಲಿಟ್ಟು ನೇರ ಹಂಪಿಗೆ ಹೋಗೋಣ ಎನ್ನುವುದು ಹುಡುಗರ ಲೆಕ್ಕ. ರಾತ್ರಿ ಅರೆನಿದ್ದೆ ಮಾಡಿದ ಅಪ್ಪ ಆ ದಿನ ಸಂಜೆಗೆ ಕುಸಿಯುತ್ತಾರೆ, ಮರುದಿನವೂ ಚೇತರಿಸಿಕೊಳ್ಳುವುದಿಲ್ಲ. ಬೇಗ ಚೆಕ್-ಇನ್ ಕೊಡುವಿರಾ ಎಂದು ಮೊದಲೇ ಫೋನ್ ಮಾಡಿ. ಇಲ್ಲವೆಂದರೆ ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ. ಸ್ನಾನ, ಇಡ್ಲಿ, ನಿದ್ದೆ, ಊಟ. ಮೊದಲ ದಿನ ಸಂಜೆ ನಾಲ್ಕರ ಮೇಲೆ ವಿರೂಪಾಕ್ಷ ದೇವಸ್ಥಾನ ಒಂದೇ ಸಾಕು. ಚಪ್ಪಲಿ ಬಿಡಬೇಕಾದ ಜಾಗ ಅದು, ಬಿಸಿಲು ಇಳಿಯದೆ ಹೋದರೆ ಕಲ್ಲುಹಾಸು ಕಾಲು ಸುಡುತ್ತದೆ. ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ.

ಎರಡನೆಯ ದಿನ ವಿಜಯ ವಿಠ್ಠಲ. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ವಾಹನ ನಿಲ್ದಾಣದಿಂದ ಗುಡಿಗೆ ಕರೆದೊಯ್ಯುವ ಬ್ಯಾಟರಿ ಗಾಡಿಗೆ ಉದ್ದ ಸಾಲು ಇರುವುದಿಲ್ಲ. ದಾರಿ ಸುಮಾರು ಒಂದು ಕಿಲೋಮೀಟರ್. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ಅಂಗಳದಲ್ಲೇ ಇದೆ. ಸಪ್ತಸ್ವರ ಕಂಬಗಳ ಮಹಾಮಂಟಪಕ್ಕೆ ಈಗ ಯಾರನ್ನೂ ಹತ್ತಲು ಬಿಡುವುದಿಲ್ಲ, ಹಾಗಾಗಿ ಮೆಟ್ಟಿಲು ಹತ್ತಲಾಗದ ಅಮ್ಮ ಕಳೆದುಕೊಳ್ಳುವುದೂ ಏನಿಲ್ಲ. ಮಂಟಪದ ನೆರಳಿನಲ್ಲಿ ಅರ್ಧ ಗಂಟೆ ಕೂರಲಿ.

ಇಲ್ಲಿಯ ಪ್ರವೇಶ ಟಿಕೆಟ್ ಭಾರತೀಯರಿಗೆ 40 ರೂಪಾಯಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಉಚಿತ, ಹಿರಿಯರಿಗೆ ಕಡಿತವಿಲ್ಲ. ಅದೇ ಟಿಕೆಟ್‌ನಲ್ಲಿ ಅದೇ ದಿನ ಕಮಲ ಮಹಲಿನ ಆವರಣವನ್ನೂ ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಹಿರಿಯರ ದಿನ ಕೆಡುವುದು ಇಲ್ಲೇ. ಟಿಕೆಟ್ ವ್ಯರ್ಥವಾಗಬಾರದೆಂದು ಮೂರನ್ನೂ ಒಂದೇ ದಿನದಲ್ಲಿ ತುರುಕುತ್ತೇವೆ, ಎರಡನೆಯದು ಶುರುವಾಗುವಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಸುತ್ತಲಿನ ಬಂಡೆಗಳೆಲ್ಲ ಕಾದು ಶಾಖ ಕಾರುತ್ತಿರುತ್ತವೆ. ನನ್ನ ಸಲಹೆ ಇಷ್ಟೇ: ಬೆಳಿಗ್ಗೆ ವಿಠ್ಠಲ, ಹತ್ತೂವರೆಯೊಳಗೆ ವಾಪಸ್, ಮಧ್ಯಾಹ್ನವಿಡೀ ರೂಮು, ಮೂರೂವರೆಯ ಮೇಲೆ ಅದೇ ಟಿಕೆಟ್‌ನಲ್ಲಿ ವಸ್ತುಸಂಗ್ರಹಾಲಯ. ಅಲ್ಲಿರುವ ಹಂಪಿಯ ದೊಡ್ಡ ಮಾದರಿಯ ಸುತ್ತ ಒಂದು ಸುತ್ತು ಬಂದರೆ, ಕಾಲು ಹೋಗಲಾಗದ ಬೆಟ್ಟಗಳೂ ಕಣ್ಣಿಗೆ ಸಿಗುತ್ತವೆ. ಶುಕ್ರವಾರ ಅದು ಮುಚ್ಚಿರುತ್ತದೆ, ದಿನ ನೋಡಿ ಹೊರಡಿ.

ನೀರಿನ ವಿಷಯ ಒಂದಿದೆ. ಶೌಚಾಲಯ ಸಿಗದಿದ್ದರೆ ಎಂಬ ಅಂಜಿಕೆಗೆ ಹಿರಿಯರು ಹೇಳದೆ ಕೇಳದೆ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ತಲೆ ಸುತ್ತು, ನಿಂತಲ್ಲೇ ತೂರಾಡುವುದು, ಮಾತು ಕಡಿಮೆಯಾಗುವುದು ಅದರ ಗುರುತು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ಪ್ರವಾಸದ ದಿನ ಯಾವ ಹೊತ್ತಿಗೆ ನುಂಗಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ, ತಾವಾಗಿ ಬಿಡಬಾರದು. ಪ್ರತಿ ಸ್ಥಳದಲ್ಲಿ ಇಳಿದ ಕೂಡಲೇ ಶೌಚಾಲಯ ಎಲ್ಲಿದೆ ಎಂದು ಮಗ ನೋಡಿಕೊಂಡು ಬಂದು ಹೇಳಿದರೆ ಅವರು ಧೈರ್ಯವಾಗಿ ಕುಡಿಯುತ್ತಾರೆ.

ಮೂರನೆಯ ದಿನ ಹೊಸ ಟಿಕೆಟ್ ಕೊಂಡು ಕಮಲ ಮಹಲ್, ಆನೆಲಾಯ. ಸಮತಟ್ಟಾದ ಜಾಗ, ನೆರಳೂ ಇದೆ. ಮಹಾನವಮಿ ದಿಬ್ಬವನ್ನು ಕೆಳಗಿನಿಂದಲೇ ನೋಡಿ, ಅದರ ಗೋಡೆಯ ಸಾಲು ಸಾಲು ಕೆತ್ತನೆ ಇರುವುದೇ ಕೆಳಗೆ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಹೆಚ್ಚು ಪೆಟ್ಟು. ವಾಪಸ್ ರೈಲು ರಾತ್ರಿಯದಾದ್ದರಿಂದ ರೂಮನ್ನು ಸಂಜೆಯವರೆಗೆ ಉಳಿಸಿಕೊಳ್ಳಿ, ಅದಕ್ಕೆ ಅರ್ಧ ದಿನದ ಬಾಡಿಗೆ ಹೆಚ್ಚು ಬಿದ್ದರೂ ಬೀಳಲಿ. ಹೊಸಪೇಟೆಯಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ, ನಿಮ್ಮ ಬೋಗಿ ನಿಲ್ಲುವ ಜಾಗ ಕೇಳಿಕೊಂಡು, ಅದರ ಎದುರಿನ ಬೆಂಚಿನಲ್ಲಿ ಅವರನ್ನು ಕೂರಿಸಿ.