ಬಾಟಲಿ ಮೇಲೆ 20, ಅಂಗಡಿಯಲ್ಲಿ 25: ದನಿ ಏರಿಸದೆ ಕೇಳೋದು ಹೇಗೆ?

ಶಿವಮೊಗ್ಗದಲ್ಲಿ ಭದ್ರಾವತಿ ಬಸ್ ಹತ್ತೋ ಮುಂಚೆ ತಣ್ಣನೆ ನೀರಿನ ಬಾಟಲಿ ತಗೊಂಡ್ರಿ ಅಂದ್ಕೊಳ್ಳಿ. ಎಂಆರ್‌ಪಿ 20 ರೂಪಾಯಿ, ಅಂಗಡಿಯವರು ಕೇಳೋದು 25. ಯಾಕೆ ಅಂದ್ರೆ, "ಫ್ರಿಜ್ ಕರೆಂಟ್ ಬಿಲ್ ನೀನು ಕಟ್ತೀಯಾ?" ಅಂತ ರೇಗ್ತಾರೆ.

ಅವರು "ನೀನು" ಅಂದ್ರು ಅಂತ ನೀವೂ ಏಕವಚನಕ್ಕೆ ಇಳೀಬೇಡಿ. ಇಳಿದ್ರೆ ಜಗಳ ಮರ್ಯಾದೆ ಮೇಲೆ ಹೋಗುತ್ತೆ, ಬೆಲೆ ಮಾತು ಅಲ್ಲೇ ಮುಚ್ಚಿಹೋಗುತ್ತೆ. ಬಾಟಲಿ ತೋರಿಸಿ, "ಅಣ್ಣಾ, ಇದರಲ್ಲಿ 20 ಅಂತಿದೆ, 20 ತಗೊಳ್ಳಿ" ಅನ್ನಿ. ಮತ್ತೆ ರೇಗಿದ್ರೂ ಅದೇ ಮಾತು, ಅದೇ ದನಿ. ತಣ್ಣಗೆ ಮಾಡಿದ್ದಕ್ಕೆ ಅಂತ ಅಂಗಡಿಯವರು ಎಂಆರ್‌ಪಿ ಮೀರೋ ಹಾಗಿಲ್ಲ.

ಒಪ್ಪದಿದ್ರೆ, "ಸರಿ ಅಣ್ಣಾ, 25ಕ್ಕೆ ಬಿಲ್ ಕೊಡಿ" ಅನ್ನಿ. ಕೊಟ್ರೆ ಅದೇ ಸಾಕ್ಷಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಕೊಡದಿದ್ರೆ ಬಾಟಲಿ ಅಲ್ಲೇ ಇಟ್ಟು ಬನ್ನಿ. ಒಂದು ನೆನಪಿರಲಿ: 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಹೋಟೆಲಲ್ಲಿ ಕೂತು ಕುಡಿಯೋ ಬಾಟಲಿಗೆ ಈ ವಾದ ನಡೆಯಲ್ಲ.