ಕೇರಳದ್ದೋ ಕರ್ನಾಟಕದ್ದೋ: ಚಾಟ್‌ಬಾಟ್ ಕೇಳಬೇಕಾದ ಒಂದೇ ಪ್ರಶ್ನೆ

ವಯನಾಡಿನ ಮಾನಂದವಾಡಿಯಿಂದ ಮೈಸೂರಿನ ಕಡೆ ಹೊರಟರೆ ಕಾಟ್ಟಿಕುಳಂನಲ್ಲಿ ದಾರಿ ಕವಲಾಗುತ್ತದೆ. ಒಂದು ದಾರಿ ಬಾವಲಿಯಲ್ಲಿ ಗಡಿ ದಾಟಿ, ನಾಗರಹೊಳೆಯ ಕಾಡು ಹಾದು ಎಚ್.ಡಿ. ಕೋಟೆಗೆ ಹೋಗುತ್ತದೆ. ಇನ್ನೊಂದು ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪದ ಮೇಲೆ ಹುಣಸೂರಿಗೆ. ಬಾವಲಿಯ ದಾರಿ ಹತ್ತಿರದ್ದು, ಆದರೆ ಕಾಡುಪ್ರಾಣಿಗಳ ರಕ್ಷಣೆಗಾಗಿ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಅಲ್ಲಿ ವಾಹನ ಬಿಡುವುದಿಲ್ಲ. ಹೀಗಾಗಿ ಹೊತ್ತು ಮುಳುಗಿದ ಮೇಲೆ ಮೈಸೂರಿಗೆ ಹೊರಟವರು ಕುಟ್ಟದ ದಾರಿಯನ್ನೇ ಹಿಡಿಯಬೇಕು.

ಮಾನಂದವಾಡಿಯ ಬಸ್ ವಿಚಾರಣೆಗೆ ಒಂದು ಚಾಟ್‌ಬಾಟ್ ಮಾಡುತ್ತಿದ್ದೇವೆ ಎಂದುಕೊಳ್ಳೋಣ. ಶುಂಠಿ ಬೆಳೆಯಲು ಕರ್ನಾಟಕದಲ್ಲಿ ಗುತ್ತಿಗೆಗೆ ಜಮೀನು ಹಿಡಿದ ವಯನಾಡಿನ ರೈತರು, ಕೂಲಿಗೆ ಬಂದು ಹೋಗುವ ಎಚ್.ಡಿ. ಕೋಟೆಯವರು, ಮೈಸೂರಿನಲ್ಲಿ ಓದುವ ಮಕ್ಕಳು ಇದನ್ನು ಬಳಸುತ್ತಾರೆ. ಅವರಲ್ಲಿ ಒಬ್ಬರು ಹೀಗೆ ಟೈಪ್ ಮಾಡುತ್ತಾರೆ:

```
mysore bus ratri ide?
```

ಇದರ ಅರ್ಥವೇನು? ರಾತ್ರಿ ಬಸ್ಸು ಎಷ್ಟು ಗಂಟೆಗೆ ಎಂದೇ? ರಾತ್ರಿ ರಸ್ತೆ ತೆರೆದಿರುತ್ತದೆಯೇ ಎಂದೇ? ಕೌಂಟರಿನ ಹಿಂದೆ ಮನುಷ್ಯರಿದ್ದರೆ ಮುಖ ನೋಡಿ, ಕೈಯಲ್ಲಿರುವ ಚೀಲ ನೋಡಿ ಊಹಿಸುತ್ತಾರೆ. ಊಹೆಗೆ ಸಿಗದಿದ್ದರೆ ಒಂದು ಮಾತು ಕೇಳುತ್ತಾರೆ. ಭಾಷೆ ಯಾವುದೇ ಇರಲಿ, ಮನುಷ್ಯರ ಮಾತುಕತೆಯಲ್ಲಿ ಇದು ನಡೆದೇ ಇರುತ್ತದೆ. ಮಾರ್ಕ್ ಡಿಂಗೆಮಾನ್ಸೆ ಮತ್ತು ಸಂಗಡಿಗರು 12 ಭಾಷೆಗಳ ದಿನನಿತ್ಯದ ಸಂಭಾಷಣೆಯನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರಾಸರಿ 1.4 ನಿಮಿಷಕ್ಕೊಮ್ಮೆ ಒಬ್ಬರು ಇನ್ನೊಬ್ಬರನ್ನು ತಡೆದು ಸ್ಪಷ್ಟನೆ ಕೇಳುತ್ತಾರೆ. ಇನ್ನೊಂದು ಅಂಶವೂ ಅವರಿಗೆ ಕಂಡಿತು. ಜನ ಸುಮ್ಮನೆ ‘ಆಂ?’ ಎನ್ನುವುದಕ್ಕಿಂತ, ಆದಷ್ಟು ನಿಖರವಾದ ಪ್ರಶ್ನೆಯನ್ನೇ ಕೇಳಲು ಬಯಸುತ್ತಾರೆ. ತನಗೆ ಅರ್ಥವಾದಷ್ಟನ್ನು ಉಳಿಸಿಕೊಂಡು, ಆಗದಿದ್ದುದನ್ನು ಮಾತ್ರ ಕೇಳುವ ಮರ್ಯಾದೆ ಅದು. ‘ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವ ಚಾಟ್‌ಬಾಟ್ ಆ ಮರ್ಯಾದೆಯನ್ನು ಪೂರ್ತಿ ಕೈಬಿಡುತ್ತದೆ. ಅರ್ಧ ಅರ್ಥವಾಗಿದ್ದರೂ ಏನೂ ಆಗಿಲ್ಲ ಎನ್ನುತ್ತದೆ, ಎಲ್ಲ ಕೆಲಸವನ್ನೂ ಕೇಳುವವರ ತಲೆಗೆ ಕಟ್ಟುತ್ತದೆ.

ಯಂತ್ರಕ್ಕೆ ‘ಅರ್ಧ ಅರ್ಥವಾಗುವುದು’ ಎಂದರೇನು ಎಂದು ನೋಡೋಣ. ಬಂದ ವಾಕ್ಯವನ್ನು ಅದು ತನಗೆ ಗೊತ್ತಿರುವ ಉದ್ದೇಶಗಳ ಪಟ್ಟಿಗೆ ಹೋಲಿಸಿ, ಒಂದೊಂದಕ್ಕೂ 0 ಮತ್ತು 1ರ ನಡುವಿನ ಒಂದು ವಿಶ್ವಾಸಾಂಕ ಕೊಡುತ್ತದೆ. ಎಲ್ಲವನ್ನೂ ಕೂಡಿದರೆ 1. ಮೇಲಿನ ಪ್ರಶ್ನೆಗೆ ‘ಬಸ್ಸಿನ ಸಮಯ’ 0.46, ‘ರಸ್ತೆ ತೆರೆದಿದೆಯೇ’ 0.38, ‘ಟಿಕೆಟ್ ಕಾದಿರಿಸುವುದು’ 0.09 ಬಂದಿದೆ ಎಂದಿಟ್ಟುಕೊಳ್ಳಿ, ಉಳಿದದ್ದು ಚೂರುಪಾರು. ಈ ಅಂಕಗಳು ಉದಾಹರಣೆಗೆ ನಾನೇ ಇಟ್ಟವು. ಕನ್ನಡವನ್ನೋ ಮಲಯಾಳವನ್ನೋ ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅಂಕಗಳು ಹೀಗೆ ಹಂಚಿಹೋಗುವುದು ಸಹಜ. ‘ರಾತ್ರಿ’, ‘ಬಸ್’ ಎರಡೂ ಭಾಷೆಗಳಲ್ಲಿ ಒಂದೇ. ಇದು ಕನ್ನಡ ಎಂದು ತೋರಿಸುವುದು ಕೊನೆಯ `ide` ಮಾತ್ರ.

ಈಗ ಹೊಸ್ತಿಲಿನ ಮಾತು. ಎಷ್ಟು ಅಂಕ ದಾಟಿದರೆ ಉತ್ತರಿಸಬೇಕು? ಬಹಳ ಕಡೆ ಬಳಕೆಯಾದ ರಾಸಾ ಎಂಬ ಮುಕ್ತ ತಂತ್ರಾಂಶದಲ್ಲಿ ಮೊದಲೇ ಇಟ್ಟಿರುವ ಮಿತಿ 0.3. ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇದೆ: ಮೊದಲೆರಡು ಅಂಕಗಳ ಅಂತರ 0.1ಕ್ಕಿಂತ ಕಡಿಮೆಯಾದರೆ ಉತ್ತರಿಸಬೇಡ. ನಮ್ಮ ಉದಾಹರಣೆಯಲ್ಲಿ 0.46 ಮೊದಲ ಹೊಸ್ತಿಲನ್ನು ಸಲೀಸಾಗಿ ದಾಟುತ್ತದೆ, ಅಂತರ 0.08 ಇರುವುದರಿಂದ ಎರಡನೆಯದರಲ್ಲಿ ನಿಲ್ಲುತ್ತದೆ. ಒಳ್ಳೆಯದೇ ಆಯಿತು. ಆದರೆ ಎರಡನೆಯ ಅಂಕ 0.30 ಆಗಿದ್ದರೆ? ಅಂತರ 0.16, ಎರಡೂ ಹೊಸ್ತಿಲು ದಾಟಿ ಬಾಟ್ ಬಸ್ಸಿನ ಸಮಯ ಹೇಳಿಬಿಡುತ್ತದೆ. ಅಂಕದ ಪ್ರಕಾರವೇ ಆ ಉತ್ತರ ತಪ್ಪಾಗುವ ಸಂಭವ ಅರ್ಧಕ್ಕಿಂತ ಹೆಚ್ಚು.

ಆದ್ದರಿಂದ ಮಿತಿಯನ್ನು ತಂತ್ರಾಂಶದಿಂದ ಎರವಲು ತರುವ ಬದಲು, ತಪ್ಪಿನ ಬೆಲೆಯಿಂದ ಲೆಕ್ಕ ಹಾಕಬೇಕು. ಇದು ವಿನ್ಯಾಸಕಾರರ ಕೆಲಸ, ಎಂಜಿನಿಯರಿಗೆ ಬಿಡುವಂಥದ್ದಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ದಾರಿ ತೋರಿಸಿದವರು ಹಳಬರು. ಯಂತ್ರ ಯಾವಾಗ ‘ಗೊತ್ತಿಲ್ಲ’ ಎಂದು ಹಿಂದೆ ಸರಿಯಬೇಕು ಎಂಬುದನ್ನು ಸಿ.ಕೆ. ಚೌ 1970ರಲ್ಲೇ ಲೆಕ್ಕದಿಂದ ತೋರಿಸಿದ್ದರು. ಯಾವಾಗ ತಾನಾಗಿ ಕೆಲಸ ಮಾಡಬೇಕು, ಯಾವಾಗ ಕೇಳಬೇಕು ಎಂಬ ಪ್ರಶ್ನೆಗೆ ಎರಿಕ್ ಹಾರ್ವಿಟ್ಸ್ 1999ರಲ್ಲಿ ಇದೇ ಬಗೆಯ ಲೆಕ್ಕ ಹಚ್ಚಿದರು.

ಒಂದು ಪ್ರಶ್ನೆ ಕೇಳಿ ಜನರ ಸಮಯ ತೆಗೆದುಕೊಳ್ಳುವ ಬೆಲೆ 1 ಎನ್ನಿ. ತಪ್ಪು ಉತ್ತರದ ಬೆಲೆ 5. ಕೈಚೆಲ್ಲಿ ‘ವಿಚಾರಣೆ ಕೌಂಟರಿಗೆ ಫೋನ್ ಮಾಡಿ’ ಎನ್ನುವುದರ ಬೆಲೆ 2. ಈಗ 0.46 ಅಂಕದ ಮೇಲೆ ನೇರ ಉತ್ತರ ಕೊಟ್ಟರೆ ತಪ್ಪುವ ಸಂಭವ 0.54, ನಿರೀಕ್ಷಿತ ನಷ್ಟ 5 × 0.54, ಅಂದರೆ 2.7. ‘ಬಸ್ಸಿನ ಸಮಯ ಬೇಕೇ, ರಸ್ತೆ ತೆರೆದಿದೆಯೇ ಎಂದು ತಿಳಿಯಬೇಕೇ?’ ಎಂದು ಕೇಳಿದರೆ, ಸರಿಯಾದದ್ದು ಈ ಎರಡರೊಳಗೆ ಇರುವ ಸಂಭವ 0.84. ಇರದಿದ್ದಾಗ ಫೋನಿನ ದಾರಿ ತೋರಿಸಬೇಕಾದ್ದರಿಂದ ನಷ್ಟ 1 + 2 × 0.16, ಅಂದರೆ 1.32. ನೇರವಾಗಿ ಫೋನಿನತ್ತ ಕಳಿಸಿದರೆ 2. ಕೇಳುವುದೇ ಲಾಭ. ಇದೇ ಲೆಕ್ಕವನ್ನು ಬಿಡಿಸಿದರೆ ಎರಡು ಹೊಸ್ತಿಲು ಸಿಗುತ್ತವೆ. ಪ್ರಶ್ನೆಯ ಆಯ್ಕೆಗಳು ಎಲ್ಲ ಸಾಧ್ಯತೆಗಳನ್ನೂ ಒಳಗೊಂಡಾಗ, ನೇರ ಉತ್ತರ ಗೆಲ್ಲುವುದು ಅಂಕ 0.8 ದಾಟಿದರೆ. ಪ್ರಶ್ನೆ ಕೇಳುವುದು ಕೈಚೆಲ್ಲುವುದಕ್ಕಿಂತ ಒಳಿತಾಗುವುದು ಮೊದಲೆರಡರ ಮೊತ್ತ 0.5 ದಾಟಿದರೆ.

```
if p1 >= 0.80: answer
elif asked == 0 and p1 + p2 >= 0.50: ask
else: handover
```

ಇಲ್ಲಿ ಅಂತರದ ಕಟ್ಟಳೆ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಮೊದಲನೆಯದು 0.8 ಆದರೆ ಎರಡನೆಯದು 0.2ನ್ನು ಮೀರಲಾರದು, ಅಂತರ ತಾನಾಗಿಯೇ ದೊಡ್ಡದಿರುತ್ತದೆ. ಕೆಳಮಟ್ಟದ ಹೊಸ್ತಿಲು ಇಟ್ಟವರಿಗಷ್ಟೇ ಆ ಕಾವಲು ಬೇಕು.

ಬೆಲೆ ಎಲ್ಲ ಉತ್ತರಕ್ಕೂ ಒಂದೇ ಅಲ್ಲ. ಬಸ್ಸಿನ ಸಮಯ ಕೇಳದವರಿಗೆ ಸಮಯ ಹೇಳಿದರೆ ಹೋಗುವುದು ಅರೆ ನಿಮಿಷ. ‘ರಸ್ತೆ ತೆರೆದಿದೆ’ ಎಂದು ತಪ್ಪಾಗಿ ಹೇಳಿದರೆ, ಸಂಜೆ ಆರೂವರೆಗೆ ಹೊರಟ ಕುಟುಂಬ ಬಾವಲಿಯ ಗೇಟಿನವರೆಗೂ ಹೋಗಿ ಕತ್ತಲಲ್ಲಿ ಕಾಟ್ಟಿಕುಳಂಗೆ ಹಿಂತಿರುಗಬೇಕು. ಟಿಕೆಟ್ ರದ್ದುಮಾಡುವುದಂತೂ ಹಿಂದಕ್ಕೆ ಪಡೆಯಲಾಗದ ಕೆಲಸ. ಅದರ ತಪ್ಪಿಗೆ 20 ಬೆಲೆ ಕಟ್ಟಿದರೆ ಹೊಸ್ತಿಲು 0.95ಕ್ಕೆ ಏರುತ್ತದೆ. ಮಾಡಬೇಕಾದ ಕೆಲಸ ಯಾವುದೋ ಅದಕ್ಕೆ ತಕ್ಕ ಹೊಸ್ತಿಲು ಇರಬೇಕು.

ಹೊಸ್ತಿಲು ಎಷ್ಟೇ ಎತ್ತರವಿದ್ದರೂ ಅದರ ಕಣ್ಣಿಗೆ ಬೀಳದ ಒಂದು ಅಸ್ಪಷ್ಟತೆಯೂ ಈ ಊರಿನಲ್ಲಿ ಸಿದ್ಧವಾಗಿದೆ.

```
ksrtc ticket cancel madbeku
```

ಉದ್ದೇಶ ನಿಚ್ಚಳ. ‘ಟಿಕೆಟ್ ರದ್ದು’ಗೆ ಅಂಕ 0.97 ಬಂದರೂ ಆಶ್ಚರ್ಯವಿಲ್ಲ. ಆದರೆ ಯಾವ ಕೆಎಸ್‌ಆರ್‌ಟಿಸಿ? ಮಾನಂದವಾಡಿಯಲ್ಲಿ ಕೇರಳದ್ದೂ ಕಾಣುತ್ತದೆ, ಕರ್ನಾಟಕದ್ದೂ ಕಾಣುತ್ತದೆ. ಈ ಐದು ಅಕ್ಷರಗಳಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳವಾಡಿವೆ. 2021ರಲ್ಲಿ ಹೆಸರು ಕೇರಳದ ಪಾಲಾಯಿತು ಎಂಬ ಸುದ್ದಿಯಾಯಿತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಕರ್ನಾಟಕವೂ ಅದನ್ನು ಬಳಸುತ್ತಲೇ ಇದೆ. ಇಂಥ ಕಡೆ ಕೊರತೆ ಇರುವುದು ಉದ್ದೇಶದಲ್ಲಲ್ಲ, ವಿವರದಲ್ಲಿ. ಉದ್ದೇಶದ ಅಂಕವನ್ನಷ್ಟೇ ನೋಡುವ ಬಾಟ್ ತನ್ನ ಪಟ್ಟಿಯಲ್ಲಿ ಮೊದಲು ಸಿಕ್ಕ ಸಂಸ್ಥೆಯ ಪುಟ ತೆರೆದು ಕೊಡುತ್ತದೆ. ಆದ್ದರಿಂದ ಒಂದೊಂದು ಕೆಲಸಕ್ಕೂ ‘ಇದು ತಿಳಿಯದೆ ಮುಂದೆ ಹೋಗಬೇಡ’ ಎಂಬ ವಿವರಗಳನ್ನು ಮೊದಲೇ ಬರೆದಿಡಬೇಕು. ಅವುಗಳಲ್ಲಿ ಒಂದು ಖಾಲಿ ಇದ್ದರೂ, ಅಂಕ ಎಷ್ಟೇ ಇರಲಿ, ಕೇಳಬೇಕು: ‘ಕೇರಳದ ಬಸ್ಸೋ, ಕರ್ನಾಟಕದ ಬಸ್ಸೋ?’

ಪ್ರಶ್ನೆ ಒಂದೇ ಯಾಕೆ? ಎರಡನೆಯ ಸಲ ಕೇಳುವಾಗ ನಮ್ಮ ಲೆಕ್ಕದ ಬೆಲೆ 1 ಆಗಿರುವುದಿಲ್ಲ. ನೆಟ್‌ವರ್ಕ್ ಬಂದು ಹೋಗುವ ಕಡೆ, ಮಗುವನ್ನು ಎತ್ತಿಕೊಂಡು ಒಂದೇ ಕೈಯಲ್ಲಿ ಟೈಪ್ ಮಾಡುವವರು ಎರಡನೆಯ ಪ್ರಶ್ನೆಗೆ ಫೋನ್ ಜೇಬಿಗೆ ಹಾಕುತ್ತಾರೆ. ರಾಸಾದಲ್ಲಿ ಎರಡು ಹಂತದ ಫಾಲ್‌ಬ್ಯಾಕ್ ಇದೆ: ಮೊದಲು ‘ನೀವು ಕೇಳಿದ್ದು ಇದೇ ತಾನೆ?’ ಎನ್ನುತ್ತದೆ, ಅಲ್ಲವೆಂದರೆ ಬೇರೆ ಮಾತಿನಲ್ಲಿ ಹೇಳಲು ಕೇಳುತ್ತದೆ, ಆಮೇಲೆ ಕೈಬಿಡುತ್ತದೆ. ಬಸ್ ನಿಲ್ದಾಣದ ಕೆಲಸಕ್ಕೆ ನಾನು ಎರಡನೆಯ ಹಂತವನ್ನು ತೆಗೆದುಹಾಕುತ್ತೇನೆ. ಇರುವ ಒಂದು ಅವಕಾಶದಲ್ಲಿ ಎರಡು ಆಯ್ಕೆ, ಜೊತೆಗೆ ‘ಎರಡೂ ಅಲ್ಲ’ ಎಂಬ ಮೂರನೆಯ ಗುಂಡಿ. ‘ಎರಡೂ ಅಲ್ಲ’ ಒತ್ತಿದರೆ ಕೂಡಲೇ ಮನುಷ್ಯರಿಗೆ ದಾಟಿಸಬೇಕು. ಗುಂಡಿಯ ಅಕ್ಷರವೂ ಕೇಳಿದವರದೇ ಇರಲಿ. ಕನ್ನಡ ಮಾತಾಡುತ್ತಾ ಮಲಯಾಳದಲ್ಲಿ ಶಾಲೆ ಕಲಿತವರಿಗೆ ಕನ್ನಡ ಲಿಪಿಯ ಗುಂಡಿ ಓದಲಾಗದೆ ಹೋಗಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕೇಳಿದವರಿಗೆ ಹಾಗೆಯೇ ತೋರಿಸುವುದು ಸರಿ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ‘ಕೇರಳದ ಬಸ್ಸೋ, ಕರ್ನಾಟಕದ ಬಸ್ಸೋ?’ ಎಂದು ಬಾಟ್ ಕೇಳುತ್ತದೆ. ಜನ ಗುಂಡಿ ಒತ್ತದೆ ‘karnataka’ ಎಂದು ಟೈಪ್ ಮಾಡುತ್ತಾರೆ. ಬಾಟ್ ಅದನ್ನು ಹೊಸ ಮಾತೆಂದು ತಿಳಿದು ಮತ್ತೆ ಅಂಕ ಹಾಕುತ್ತದೆ. ಒಂಟಿ ಪದಕ್ಕೆ ಯಾವ ಉದ್ದೇಶವೂ ಹೊಂದದು, ಅಂಕ ಬಿದ್ದುಹೋಗುತ್ತದೆ, ಫಾಲ್‌ಬ್ಯಾಕ್ ಮತ್ತೆ ಬರುತ್ತದೆ. ತಾನೇ ಕೇಳಿದ ಪ್ರಶ್ನೆಗೆ ಬಂದ ಉತ್ತರ ತನಗೇ ಅರ್ಥವಾಗದ ಸ್ಥಿತಿ. ಪ್ರಶ್ನೆ ಕೇಳಿದ ಮೇಲೆ ಹಿಂದಿನ ಉದ್ದೇಶವನ್ನು ಹಿಡಿದಿಟ್ಟುಕೊಂಡು, ಮುಂದಿನ ಮಾತನ್ನು ಮೊದಲು ಆಯ್ಕೆಗಳ ಜೊತೆ ಹೋಲಿಸಬೇಕು. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸದೆಂದು ನೋಡಬೇಕು.

ಇಷ್ಟು ಲೆಕ್ಕವೂ ನಿಂತಿರುವುದು ಒಂದು ನಂಬಿಕೆಯ ಮೇಲೆ: 0.8 ಎಂದರೆ ನಿಜಕ್ಕೂ ಹತ್ತರಲ್ಲಿ ಎಂಟು ಸಲ ಸರಿ ಎಂದು. ಸಾಮಾನ್ಯವಾಗಿ ಹಾಗಿರುವುದಿಲ್ಲ. ಇಂದಿನ ನರಜಾಲಗಳು ತಮ್ಮ ಬಗ್ಗೆ ಅತಿಯಾದ ವಿಶ್ವಾಸ ತೋರಿಸುತ್ತವೆ ಎಂದು ಚುವಾನ್ ಗುವೊ ಮತ್ತು ಸಂಗಡಿಗರು 2017ರಲ್ಲಿ ತೋರಿಸಿಕೊಟ್ಟರು. ಪರೀಕ್ಷಿಸುವುದು ಕಷ್ಟವಲ್ಲ. ಜನರು ನಿಜವಾಗಿ ಕಳಿಸಿದ ಕೆಲವು ನೂರು ಮಾತುಗಳನ್ನು, ಹೆಸರು ಮತ್ತು ನಂಬರು ತೆಗೆದು, ಊರಿನ ಭಾಷೆ ಬಲ್ಲವರಿಂದ ಓದಿಸಿ, ಉದ್ದೇಶ ಯಾವುದೆಂದು ಕೈಯಾರೆ ಗುರುತು ಹಾಕಿಸಬೇಕು. ಯಂತ್ರ 0.8ರಿಂದ 0.9ರೊಳಗೆ ಅಂಕ ಕೊಟ್ಟ ಮಾತುಗಳನ್ನೆಲ್ಲ ಒಂದೆಡೆ ರಾಶಿ ಹಾಕಿ ಎಣಿಸಬೇಕು. ನೂರರಲ್ಲಿ ಸುಮಾರು 85 ಸರಿ ಇದ್ದರೆ ಅಂಕ ನಂಬಬಹುದು. 60 ಮಾತ್ರ ಸರಿ ಇದ್ದರೆ ಅಂಕ ಉಬ್ಬಿದೆ. ಅದೇ ಗುವೊ ತಂಡ ತೋರಿಸಿದ ಸುಲಭ ಉಪಾಯವೆಂದರೆ, ಅಂತಿಮ ಅಂಕವಾಗುವ ಮುನ್ನ ಮಾದರಿಯೊಳಗಿನ ಹಸಿ ಸಂಖ್ಯೆಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸಿ ಉಬ್ಬರ ಇಳಿಸುವುದು.

ಇದಕ್ಕೂ ಬಗ್ಗದ ಒಂದು ಬಗೆಯಿದೆ. ‘ಶುಂಠಿ ಲಾರಿಯನ್ನು ಬಾವಲಿ ಚೆಕ್‌ಪೋಸ್ಟಿನಲ್ಲಿ ಬಿಡ್ತಾರಾ?’ ಎಂದು ರೈತರೊಬ್ಬರು ಕೇಳಿದರೆ, ಲಾರಿಯ ವಿಷಯ ಕಲಿತೇ ಇಲ್ಲದ ಬಾಟ್ ಇದನ್ನು ‘ರಸ್ತೆ ತೆರೆದಿದೆಯೇ’ ಎಂಬುದಕ್ಕೆ 0.9 ಅಂಕ ಕೊಟ್ಟು ಸೇರಿಸಬಹುದು. ಪಟ್ಟಿಯಲ್ಲಿರುವುದರ ನಡುವೆ ಅಂಕ ಹಂಚುವುದಷ್ಟೇ ಅದಕ್ಕೆ ಗೊತ್ತು. ಪಟ್ಟಿಯ ಹೊರಗೆ ಲೋಕವಿದೆ ಎಂದು ಗೊತ್ತಿಲ್ಲ. ಇದನ್ನು ಅಳೆಯಲೆಂದೇ 2019ರಲ್ಲಿ ಹೊರಬಂದ ಕ್ಲಿಂಕ್150 ಎಂಬ ಇಂಗ್ಲಿಷ್ ದತ್ತಾಂಶದಲ್ಲಿ 150 ಉದ್ದೇಶಗಳ 22,500 ವಾಕ್ಯಗಳ ಜೊತೆಗೆ, ಯಾವ ಉದ್ದೇಶಕ್ಕೂ ಸೇರದ 1,200 ವಾಕ್ಯಗಳನ್ನು ಇಡಲಾಗಿದೆ. ನಮ್ಮ ಬಾಟಿಗೂ ಅಂಥದ್ದೊಂದು ಬುಟ್ಟಿ ಬೇಕು: ಲಾರಿ, ಆಸ್ಪತ್ರೆ, ತಿರುನೆಲ್ಲಿಯ ಪೂಜೆ, ಮಳೆ ಹೀಗೆ ಬಸ್ಸಿಗೆ ಸಂಬಂಧವಿಲ್ಲದ ಮಾತುಗಳನ್ನು ‘ನಮ್ಮದಲ್ಲ’ ಎಂಬ ಗುರುತಿನಡಿ ಕಲಿಸಬೇಕು.

ಬಾಟ್ ಶುರುವಾದ ಮೇಲೆ ವಾರಕ್ಕೊಮ್ಮೆ ಗುಂಡಿಗಳ ಲೆಕ್ಕ ನೋಡಬೇಕು. ಬಹುತೇಕ ಎಲ್ಲರೂ ಮೊದಲ ಆಯ್ಕೆಯನ್ನೇ ಒತ್ತುತ್ತಿದ್ದರೆ ಪ್ರಶ್ನೆ ವ್ಯರ್ಥ, ಆ ಉದ್ದೇಶದ ಹೊಸ್ತಿಲು ಇಳಿಸಬಹುದು. ಆದರೆ ಮೇಲಿದ್ದುದನ್ನೇ ಒತ್ತುವುದು ಬೆರಳಿನ ಅಭ್ಯಾಸವೂ ಇರಬಹುದು, ಹಾಗಾಗಿ ಕೆಲವು ದಿನ ಆಯ್ಕೆಗಳನ್ನು ಅದಲುಬದಲು ಮಾಡಿ ಖಚಿತಪಡಿಸಿಕೊಳ್ಳಬೇಕು. ‘ಎರಡೂ ಅಲ್ಲ’ ಒತ್ತಿದವರ ಮಾತುಗಳನ್ನು ಮಾತ್ರ ಒಂದನ್ನೂ ಬಿಡದೆ ಓದಬೇಕು. ಅಲ್ಲಿ ಲಾರಿಯ ಪ್ರಶ್ನೆ ಹತ್ತು ಸಲ ಕಂಡರೆ ಹೊಸ್ತಿಲು ತಿದ್ದಿ ಪ್ರಯೋಜನವಿಲ್ಲ. ಬಾವಲಿ ಚೆಕ್‌ಪೋಸ್ಟಿನ ಲಾರಿ ನಿಯಮವನ್ನು ವಿಚಾರಿಸಿ ತಂದು, ಅದಕ್ಕೊಂದು ಉತ್ತರ ಬರೆಯಬೇಕು.