‘ನೋಡೋಣ’ ಅಂದರೆ ಒಪ್ಪಿದ ಹಾಗೆ

ಅಕ್ಕನ ಮಗ ಫೋನ್ ಮಾಡಿದಾಗ ನಾನು ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ. “ಮಾವ, ಅಪ್ಪಂಗೆ ಅರವತ್ತು ತುಂಬ್ತು. ಮುಂದಿನ ತಿಂಗಳು ತಿಪಟೂರಲ್ಲೇ ಶಾಂತಿ ಇಟ್ಕೊಂಡಿದೀವಿ. ಊಟ ಆದ್ಮೇಲೆ ಸಣ್ಣದೊಂದು ಸಭೆ. ಅಮ್ಮನ ಕಡೆಯಿಂದ ನೀವೇ ಮಾತಾಡ್ಬೇಕು.” ನಾನು “ನೋಡೋಣಪ್ಪ” ಅಂದೆ. ಫೋನ್ ಇಟ್ಟು ಎರಡು ದಿನವಾಗಿರಲಿಲ್ಲ, ಮನೆಯವರ ವಾಟ್ಸಾಪ್ ಗುಂಪಿಗೆ ಕಾರ್ಯಕ್ರಮದ ಪಟ್ಟಿ ಬಂತು. ಪ್ರಾರ್ಥನೆ, ಸ್ವಾಗತ, ಅದರ ಕೆಳಗೆ ‘ಅಭಿನಂದನಾ ನುಡಿ’ ಎಂದು ನನ್ನ ಹೆಸರು.

ತಪ್ಪು ಹುಡುಗನದಲ್ಲ. ನಮ್ಮ ಮನೆಗಳಲ್ಲಿ ‘ನೋಡೋಣ’ ಎಂಬುದು ಒಪ್ಪಿಗೆಯ ಇನ್ನೊಂದು ಹೆಸರು. ಎಲೆಯ ಮುಂದೆ “ಸಾಕು ಸಾಕು” ಅಂದವರಿಗೂ ಇನ್ನೊಂದು ಹೋಳಿಗೆ ಬೀಳುತ್ತದಲ್ಲ, ಹಾಗೆ.

ನನಗೆ ಮೈಕ್ ಕಂಡರೆ ಆಗುವುದಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಒಂದು ಹಾಳೆ ಹಿಡಿದು ನಿಂತಿದ್ದೆ. ಕೈ ನಡುಗಿ ಹಾಳೆ ಪಟಪಟ ಅಂದಿತು. ಆ ಪಟಪಟವನ್ನು ಮೈಕು ಹಾಲಿನ ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಏನು ಓದಿದೆನೋ ನೆನಪಿಲ್ಲ, ಸದ್ದು ಮಾತ್ರ ನೆನಪಿದೆ. ಬರೆಯುವವನಿಗೆ ಮಾತಾಡುವುದೇನು ಕಷ್ಟ ಎಂದು ಜನ ಕೇಳುತ್ತಾರೆ. ಅಡುಗೆ ಬಲ್ಲವನಿಗೆ ಬಡಿಸುವುದೂ ಬರಬೇಕು ಅಂದುಕೊಂಡ ಹಾಗೆ.

ಇದಕ್ಕೆ ಕನ್ನಡದಲ್ಲಿ ಸಭಾಕಂಪ ಎಂಬ ಮಾತಿದೆ. ಭಯ ಎನ್ನದೆ ಕಂಪ ಎಂದವರಿಗೆ ಮೈಯ ವಿಷಯ ಗೊತ್ತಿತ್ತು ಅನ್ನಿಸುತ್ತದೆ. ನೂರು ಕಣ್ಣು ನಮ್ಮ ಮೇಲೆ ಬಿದ್ದಾಗ ಮಿದುಳು ಅದನ್ನು ಅಪಾಯವೆಂದೇ ಓದಿಕೊಂಡು ಅಡ್ರಿನಲಿನ್ ಹರಿಸುತ್ತದೆ. ಗುಂಡಿಗೆ ಜೋರಾಗುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಗಂಟಲಿನ ಸ್ನಾಯು ಬಿಗಿದು ದನಿ ಒಡೆಯುತ್ತದೆ. ಈ ಅಲೆ ಅತಿ ಎತ್ತರಕ್ಕೇರುವುದು ಸಾಮಾನ್ಯವಾಗಿ ಮಾತು ಶುರುವಾಗುವ ಹೊತ್ತಿಗೆ. ಮೊದಲ ಒಂದೆರಡು ನಿಮಿಷ ದಾಟಿದರೆ ತಾನಾಗಿಯೇ ಇಳಿಯತೊಡಗುತ್ತದೆ. ಆದರೆ ನಮ್ಮಂಥವರ ಭಾಷಣ ಮುಗಿಯುವುದೇ ಎರಡು ನಿಮಿಷಕ್ಕೆ! ಹಾಗಾಗಿ ನಮಗೆ ಏರಿದ್ದು ಮಾತ್ರ ಗೊತ್ತು, ಇಳಿದದ್ದನ್ನು ಕಂಡೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಕಾಯುವ ದಿನಗಳು. ‘ನೋಡೋಣ’ ಅಂದ ರಾತ್ರಿಯಿಂದ ನಾನು ಹಾಸಿಗೆಯಲ್ಲಿ ಭಾಷಣ ಮಾಡುತ್ತಿದ್ದೆ, ಪ್ರತಿ ರಾತ್ರಿಯೂ ಸೋಲುತ್ತಿದ್ದೆ. ಸಭೆ ಹತ್ತೇ ನಿಮಿಷದ್ದು, ಅದರ ಕಂಪ ಇಪ್ಪತ್ತು ದಿನದ್ದು. ಆಗೊಲ್ಲ ಎನ್ನುವುದಿದ್ದರೆ ಬೇಗ ಅನ್ನಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಆದರೆ ಹೇಗೆ ಅನ್ನುವುದು? ಆಫೀಸಿನ ಸಭೆಯಲ್ಲಿ ಆಗೊಲ್ಲ ಅಂದರೆ ಇನ್ನೊಬ್ಬರು ಸಿಗುತ್ತಾರೆ, ಅಲ್ಲಿಗೆ ಮುಗಿಯಿತು. ಮನೆಯ ಸಮಾರಂಭದಲ್ಲಿ ಹಾಗಲ್ಲ. ಭಾವನ ಅರವತ್ತಕ್ಕೆ ಹೆಂಡತಿಯ ತಮ್ಮ ಎರಡು ಮಾತಾಡಲಿಲ್ಲ ಅಂದರೆ ಜನ ಅವನಿಗೆ ಹೆದರಿಕೆ ಎಂದುಕೊಳ್ಳುವುದಿಲ್ಲ, ಏನೋ ಮನಸ್ತಾಪವಿದೆ ಎಂದುಕೊಳ್ಳುತ್ತಾರೆ. ಆ ಹಳೇ ಸೈಟಿನ ವಿಷಯ ಇನ್ನೂ ಇದೆಯಂತೆ ಎಂದು ಎರಡನೇ ಪಂಕ್ತಿಯಲ್ಲಿ ಶುರುವಾಗುತ್ತದೆ. ಇಲ್ಲಿ ಮಾತಾಡದೆ ಇರುವುದೂ ಒಂದು ಮಾತು. ನಾವು ಕಾರಣ ಹೇಳದೆ ಹೋದರೆ ಕೇಳುವವರು ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ. ಆದ್ದರಿಂದ ನಿಜವಾದ ಕಾರಣವನ್ನು ನಾವೇ ಹೇಳಿಬಿಡುವುದು ಒಳ್ಳೆಯದು.

ಸುಳ್ಳು ಕಾರಣಗಳನ್ನು ನಾನು ಮೊದಲು ಬಳಸಿ ನೋಡಿದ್ದೇನೆ, ಅವು ಬಾಳುವುದಿಲ್ಲ. “ಗಂಟಲು ಸರಿಯಿಲ್ಲ” ಅಂದರೆ “ಇನ್ನೂ ಮೂರು ವಾರ ಇದೆಯಲ್ಲ” ಅನ್ನುತ್ತಾರೆ. “ಏನು ಮಾತಾಡಲಿ, ಗೊತ್ತಿಲ್ಲ” ಅಂದರೆ “ನಾನೇ ಬರೆದುಕೊಡ್ತೀನಿ” ಅನ್ನುತ್ತಾರೆ. ಆ ದಿನ ಬೆಳಿಗ್ಗೆ ಜ್ವರ ಅಂದುಬಿಟ್ಟರೆ ಮಧ್ಯಾಹ್ನ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಯಾರಾದರೂ ನೋಡಿಯೇ ನೋಡುತ್ತಾರೆ. ಪರಿಹಾರವಿರುವ ಕಾರಣ ಕೊಟ್ಟರೆ ಪ್ರೀತಿಯಿಂದಲೇ ಪರಿಹಾರ ಹುಡುಕಿಕೊಡುತ್ತಾರೆ.

ಸಮಾರಂಭಕ್ಕೆ ಹದಿನೆಂಟು ದಿನವಿದ್ದಾಗ ನಾನೇ ಫೋನ್ ಮಾಡಿದೆ. ಹೇಳಬೇಕಾದದ್ದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. “ನಿಮ್ಮಪ್ಪನ ಬಗ್ಗೆ ಹೇಳೋಕೆ ನನ್ನ ಹತ್ರ ಬೇಕಾದಷ್ಟಿದೆ ಕಣೋ. ಆದ್ರೆ ಮೈಕ್ ಮುಂದೆ ನಿಂತ್ರೆ ನಂಗೆ ಕೈ ನಡುಗುತ್ತೆ, ಬಾಯಿ ಒಣಗುತ್ತೆ, ಚಿಕ್ಕಂದಿನಿಂದ್ಲೂ ಹೀಗೇ. ಅದಕ್ಕೆ ನಾನು ಮಾತಾಡಲ್ಲ. ಒಂದು ಪುಟ ಬರೆದು ಕಳಿಸ್ತೀನಿ, ನಿನ್ನ ತಂಗಿ ಓದ್ಲಿ. ಶಾಲು ಹೊದಿಸೋ ಕೆಲಸ ನಂಗೆ ಬಿಡು.”

ಈ ಅನುಕ್ರಮವನ್ನು ಬೇಕೆಂದೇ ಇಟ್ಟಿದ್ದೆ. ಭಾವನ ಮೇಲಿನ ಅಕ್ಕರೆ ಮೊದಲು ಬಂದರೆ ಮುನಿಸಿನ ಅನುಮಾನಕ್ಕೆ ಜಾಗವಿಲ್ಲ. ಆಮೇಲೆ ಕಾರಣ, ಅದೂ ಕೈ, ಬಾಯಿ ಎಂದು ಮೈಯ ಮಾತಿನಲ್ಲಿ. ಸುಮ್ಮನೆ ಹೆದರಿಕೆ ಅಂದರೆ ಜನ ಧೈರ್ಯ ಹೇಳಲು ಕೂರುತ್ತಾರೆ, ಕೈ ನಡುಗುತ್ತದೆ ಅಂದರೆ ನಂಬುತ್ತಾರೆ. ‘ಮಾತಾಡಲ್ಲ’ ಎಂಬುದಕ್ಕೆ ‘ಬಹುಶಃ’, ‘ಪ್ರಯತ್ನ ಮಾಡ್ತೀನಿ’ ಯಾವುದನ್ನೂ ಅಂಟಿಸಿರಲಿಲ್ಲ. ಕೊನೆಗೆ ಖಾಲಿಯಾದ ಜಾಗಕ್ಕೆ ನಾನೇ ಏನನ್ನೋ ಇಟ್ಟೆ. ಹುಡುಗನಿಗೂ ಬೇಕಾದದ್ದು ನನ್ನ ದನಿಯಲ್ಲ, ಪಟ್ಟಿಯಲ್ಲಿ ಅಮ್ಮನ ಕಡೆಯವರ ಹೆಸರು.

ಆದರೂ “ಎರಡೇ ನಿಮಿಷ ಮಾವ, ಇರೋರೆಲ್ಲ ನಮ್ಮೋರೇ” ಅಂದ. ನಮ್ಮೋರು ಎಂಬುದೇ ತೊಂದರೆ. ಅಪರಿಚಿತರು ಮರುದಿನ ಮರೆಯುತ್ತಾರೆ, ನಮ್ಮೋರು ಮುಂದಿನ ಮೂರು ಮದುವೆಯಲ್ಲಿ ಅದನ್ನೇ ಹೇಳಿ ನಗುತ್ತಾರೆ. ಅದನ್ನು ಅವನಿಗೆ ಹೇಳಲಿಲ್ಲ. ಇಂಥ ಹೊತ್ತಿನಲ್ಲಿ ಹೊಸ ಕಾರಣ ಸೇರಿಸಬಾರದು, ಸೇರಿಸಿದರೆ ಚೌಕಾಸಿ ಶುರುವಾಗುತ್ತದೆ. ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಒಪ್ಪಿದ.

ಅದೇ ಸಂಜೆ ಅಕ್ಕನಿಗೂ ನಾನೇ ಹೇಳಿದೆ. ಇನ್ನೊಬ್ಬರ ಬಾಯಿಂದ ಹೋಗಿದ್ದರೆ ಅದು ಬೇರೆಯೇ ಕಥೆಯಾಗುತ್ತಿತ್ತು. “ನಿಂಗಾ? ಪೇಪರಿನಲ್ಲಿ ಅಷ್ಟುದ್ದ ಬರೀತೀಯ?” ಎಂದು ನಕ್ಕಳು, ಆಮೇಲೆ “ಅಪ್ಪನೂ ಹಾಗೇ ಇದ್ರು” ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಬಾಗಿಲು ಉಳಿದಿತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ವೇದಿಕೆಯಿಂದ “ಸೋದರಮಾವನವರು ಇಲ್ಲೇ ಇದ್ದಾರೆ, ಎರಡು ಮಾತಾಡಬೇಕು” ಎಂದು ಕರೆದುಬಿಡುತ್ತಾರೆ. ನೂರು ಜನ ಚಪ್ಪಾಳೆ ತಟ್ಟುವಾಗ ಆಗೊಲ್ಲ ಎನ್ನುವುದು ಮಾತಾಡುವುದಕ್ಕಿಂತ ಕಷ್ಟ. ನಿರೂಪಣೆ ಮಾಡುವವಳು ಸೊಸೆಯ ಗೆಳತಿ. ಎರಡು ದಿನ ಮೊದಲು ಅವಳಿಗೆ ಫೋನ್ ಮಾಡಿ, ಯಾರು ಚೀಟಿ ಕಳಿಸಿದರೂ ನನ್ನ ಹೆಸರು ಕೂಗಬೇಡಮ್ಮ ಎಂದು ಕೇಳಿಕೊಂಡೆ. ಅದೂ ತಪ್ಪಿದರೆ ಎಂದು ಕೂತಲ್ಲಿಂದಲೇ ಎದ್ದು ಕೈಮುಗಿದು ಹೇಳಲು ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಮೈಕಿನ ತನಕ ನಡೆಯುವ ಆ ಹತ್ತು ಹೆಜ್ಜೆ ತಪ್ಪಿದರೆ ಅರ್ಧ ಕಂಪ ತಪ್ಪಿದ ಹಾಗೆ.

ಬರೆದದ್ದನ್ನು ಇನ್ನೊಬ್ಬರು ಓದುವುದಕ್ಕೆ ದೊಡ್ಡ ಮೇಲ್ಪಂಕ್ತಿಯೇ ಇದೆ. ಗಾಂಧೀಜಿ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ವೆಂಟ್ನರ್ ಎಂಬ ಊರಿನ ಸಸ್ಯಾಹಾರಿಗಳ ಸಭೆಯಲ್ಲಿ ಒಂದು ಹಾಳೆಯ ಭಾಷಣ ಓದಲು ನಿಂತರು. ಕಣ್ಣು ಮಂಜಾಯಿತು, ಮೈ ನಡುಗಿತು. ಕೊನೆಗೆ ಜೊತೆಗಿದ್ದ ಮಜ್ಮುದಾರ್ ಅದನ್ನು ಓದಬೇಕಾಯಿತು. ಮುಂದೆ ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದವರಿಗೆ ಒಂದು ಪ್ರಶ್ನೆಯೂ ಹೊರಡದೆ 30 ರೂಪಾಯಿ ಶುಲ್ಕವನ್ನು ಕಕ್ಷಿದಾರರಿಗೆ ಹಿಂದಿರುಗಿಸಿದರು. ಇದನ್ನೆಲ್ಲ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ವೆಂಟ್ನರಿನಲ್ಲಿ ಅವರು ಕೈಬಿಟ್ಟದ್ದು ವೇದಿಕೆಗೆ ಏರಿದ ಮೇಲೆ. ನಾನು ಮೊದಲೇ ಕೈಬಿಟ್ಟೆ, ಅಷ್ಟೇ ವ್ಯತ್ಯಾಸ.

ಹಾಗೆಂದು ಪ್ರತಿ ಸಲವೂ ಜಾರಿಕೊಳ್ಳುವುದಕ್ಕೆ ಒಂದು ಬೆಲೆಯಿದೆ. ಹುಡುಗ ಒಪ್ಪಿದ ಕ್ಷಣ ನನಗಾದ ನೆಮ್ಮದಿ ಸಣ್ಣದಲ್ಲ. ಮನಸ್ಸು ಆ ನೆಮ್ಮದಿಯನ್ನು ಬಹುಮಾನದಂತೆ ಲೆಕ್ಕಕ್ಕೆ ಬರೆದುಕೊಂಡು ಮುಂದಿನ ಸಲ ಇನ್ನೂ ಬೇಗ ಓಡು ಎನ್ನುತ್ತದೆ. ಏರಿದ ಅಲೆ ಇಳಿಯುವುದನ್ನು ನೋಡದವನಿಗೆ ಅದು ಇಳಿಯುತ್ತದೆಂಬ ನಂಬಿಕೆಯೂ ಹುಟ್ಟುವುದಿಲ್ಲ. ವೇದಿಕೆ ಬೇಡ ಎಂಬಲ್ಲಿಗೆ ನಿಂತರೆ ಅದು ಸ್ವಭಾವ. ಯಾರಾದರೂ ಮಾತಾಡು ಅಂದಾರು ಎಂದು ಸಮಾರಂಭಕ್ಕೇ ಹೋಗದಿದ್ದರೆ, ಬಡ್ತಿ ಬಂದರೆ ಸಭೆ ನಡೆಸಬೇಕಾಗುತ್ತದೆಂದು ಬಡ್ತಿಯನ್ನೇ ಬಿಟ್ಟರೆ, ಅದು ಸ್ವಭಾವ ದಾಟಿತು ಎಂದು ತಿಳಿಯಬೇಕು. ಮನೋವೈದ್ಯರ ಕೈಪಿಡಿಯಲ್ಲಿ ಸಾಮಾಜಿಕ ಆತಂಕದ ಕಾಯಿಲೆಗೆ ‘ಪ್ರದರ್ಶನಕ್ಕೆ ಮಾತ್ರ ಸೀಮಿತ’ ಎಂಬ ಒಂದು ಬಗೆಯನ್ನೇ 2013ರಲ್ಲಿ ಸೇರಿಸಿದ್ದಾರೆ. ಇದಕ್ಕೆ ಚಿಕಿತ್ಸೆ ಮುಖ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ: ಮೊದಲು ಕೂತಲ್ಲೇ ಒಂದು ವಾಕ್ಯ, ಆಮೇಲೆ ನಿಂತು, ಆಮೇಲೆ ಮೈಕು. ನಡುಕ ತಡೆಯಲು ಪ್ರೊಪ್ರನಲಾಲ್ ಎಂಬ ಮಾತ್ರೆಯನ್ನು ಕೆಲವರಿಗೆ ವೈದ್ಯರು ಬರೆದುಕೊಡುವುದುಂಟು. ಆದರೆ ಉಬ್ಬಸವಿರುವವರಿಗೆ ಅದು ಅಪಾಯ, ಯಾರದೋ ಡಬ್ಬಿಯಿಂದ ಎತ್ತಿ ನುಂಗುವಂಥದ್ದಲ್ಲ. ಯಾರನ್ನು ಕೇಳಬೇಕೆಂದು ತೋಚದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಕಂಪ ನಮಗೆ ಕಾಣುವಷ್ಟು ನೋಡುವವರಿಗೆ ಕಾಣುವುದಿಲ್ಲ ಎಂಬುದೂ ಗೊತ್ತಾಗಿರುವ ಸಂಗತಿ. ಸವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿಮ್ಮ ಅಳುಕು ನೀವು ತಿಳಿದಷ್ಟು ಹೊರಗೆ ಕಾಣುವುದಿಲ್ಲ ಎಂದು ಮೊದಲೇ ತಿಳಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಆದರೆ ಹಾಳೆಯ ಪಟಪಟ ಮಾತ್ರ ಕೇಳುತ್ತದೆ, ಅದಕ್ಕೆ ನಾನೇ ಸಾಕ್ಷಿ. ಹಾಗಾಗಿ ಸೊಸೆಗೆ ಕಳಿಸುವಾಗ ಲಗ್ನಪತ್ರಿಕೆಯಷ್ಟು ದಪ್ಪದ ಕಾರ್ಡಿನ ಮೇಲೆ ಬರೆದು ಕಳಿಸಿದೆ. ಒಂದೇ ಪುಟ. ಗಡಿಯಾರವಿಟ್ಟು ಜೋರಾಗಿ ಓದಿ ನೋಡಿದ್ದೆ, ಎರಡೂವರೆ ನಿಮಿಷ.

ಅದರಲ್ಲಿ ಒಂದೇ ಒಂದು ಸಂಗತಿ ಇತ್ತು. ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿ ನಾನು ಅಕ್ಕನ ಮನೆಗೆ ಬಂದು ಕೂತಿದ್ದೆ. ಭಾವ ಹೈಸ್ಕೂಲಿನ ಗಣಿತದ ಮೇಷ್ಟ್ರು. ಕರೆಂಟು ಹೋದಾಗ ಲಾಟೀನು ಹಚ್ಚಿಟ್ಟು ಎರಡು ತಿಂಗಳು ನನ್ನೊಂದಿಗೆ ಲೆಕ್ಕ ಬಿಡಿಸಿದರು. “ಇಷ್ಟೂ ಗೊತ್ತಿಲ್ವಾ” ಎಂದು ಒಮ್ಮೆಯೂ ಅನ್ನಲಿಲ್ಲ. ಮರುಪರೀಕ್ಷೆಯಲ್ಲಿ ಮೂವತ್ತೆಂಟು ಬಂತು.

ಸಭೆಯ ದಿನ ಚೀಟಿ ಬಂದೇ ಬಂತು, ದೊಡ್ಡಪ್ಪನೊಬ್ಬರಿಂದ. ನಿರೂಪಣೆಯ ಹುಡುಗಿ ಅದನ್ನು ಮಡಚಿ ಹೂದಾನಿಯ ಕೆಳಗೆ ತಳ್ಳಿದ್ದನ್ನು ಮೂರನೇ ಸಾಲಿನಿಂದ ನೋಡಿದೆ. ಸೊಸೆ ನಿಧಾನವಾಗಿ ಓದಿದಳು. ಲಾಟೀನು ಬಂದಾಗ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೂವತ್ತೆಂಟು ಎಂದದ್ದೇ ತಡ, ಹಾರ ಹಾಕಿಕೊಂಡು ಕೂತಿದ್ದ ಭಾವ ಅಲ್ಲಿಂದಲೇ ಕೈಯೆತ್ತಿ, “ಮೂವತ್ತೆಂಟಲ್ಲ, ಮೂವತ್ತಾರು” ಅಂದರು.

ನಾನು ಎದ್ದು ನಿಂತಿದ್ದೆ. “ಮೂವತ್ತೆಂಟೇ ಭಾವ! ಮಾರ್ಕ್ಸ್ ಕಾರ್ಡ್ ಮನೇಲಿದೆ, ತಂದು ತೋರಿಸ್ತೀನಿ.”

ಹಾಲೆಲ್ಲ ನಕ್ಕಿತು. ಕೂತ ಮೇಲೆ ಪಕ್ಕದಲ್ಲಿದ್ದ ಹೆಂಡತಿ ನನ್ನ ಕೈಯನ್ನು ನೋಡುತ್ತಿದ್ದಳು.